‘ಪ್ರಜ್ಞೆ ತಪ್ಪಿದರೆ’ ಅಂದರೆ ಸಾಕಾ? ಜೆಇ ಲಸಿಕೆಯ ಫಲಕಕ್ಕೆ ಪದ ಬೇಕು, ನಾಳೆ ಬೆಳಿಗ್ಗೆಯೊಳಗೆ

ಸುಮಾ: ಗದ್ದೆಬಯಲಿನ ಹಳ್ಳಿಗಳಿಗೆ ‘ಮೆದುಳು ಜ್ವರದ ಲಸಿಕೆ’ ಅಂತ ಒಂದು ಫಲಕ ಬರೆಯುತ್ತಿದ್ದೇನೆ. ಜೆಇ ಅಂದರೆ ಜಪಾನೀಸ್ ಎನ್ಸೆಫಲೈಟಿಸ್, ಸೊಳ್ಳೆಯಿಂದ ಬರುವ ಮೆದುಳು ಜ್ವರ. ಲಸಿಕೆಯ ಸಾಲು ಮುಗಿದಿದೆ: ಮೊದಲ ಡೋಸ್ 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳೊಳಗೆ. ಅಪಾಯದ ಗುರುತುಗಳಲ್ಲಿ ‘ಆಲ್ಟರ್ಡ್ ಸೆನ್ಸೋರಿಯಂ’ ಅಂತಿದೆ, ಅಂದರೆ ಎಚ್ಚರ, ಅರಿವು ಏರುಪೇರಾಗುವುದು. ಹಳೆಯ ಅನುವಾದದವರು ‘ಪ್ರಜ್ಞೆ ತಪ್ಪಿದರೆ’ ಅಂತ ಮಾಡಿದ್ದಾರೆ. ಸರಿಯೇ?

ಗುರುಮೂರ್ತಿ: ಮೊದಲು ತಲೆಬರಹ ತಿದ್ದಿ. ಅದು ಮಿದುಳು. ಮಿದುವಾದದ್ದು ಮಿದುಳು, ಮೆದುಳಲ್ಲ. ‘ಲಸಿಕೆ’ ಸಂಸ್ಕೃತದ್ದು, ಚುಚ್ಚುಮದ್ದು ಅನ್ನಿ. ನಿಮ್ಮ ಪದಕ್ಕೆ ‘ಮತಿಭ್ರಮಣೆ’ ಹೊಂದುತ್ತದೆ.

ನಳಿನಿ: ಮತಿಭ್ರಮಣೆ ಅಂದರೆ ಹುಚ್ಚು ಅಂದುಕೊಳ್ಳುತ್ತಾರೆ. ಬೇಡ. ಅದಿರಲಿ, ಮತಿಭ್ರಮಣೆ ಯಾವ ಭಾಷೆಯದು?

ಸುಮಾ, ‘ಪ್ರಜ್ಞೆ ತಪ್ಪಿದರೆ’ ಕೂಡ ಬೇಡ. ಮಕ್ಕಳ ವಾರ್ಡಿನಲ್ಲಿ ನಾನು ನೋಡಿದ್ದನ್ನು ಹೇಳುತ್ತೇನೆ. ನಾಲ್ಕು ವರ್ಷದ ಹುಡುಗಿಗೆ ಎರಡು ದಿನ ಜ್ವರ, ತಲೆನೋವು, ವಾಂತಿ. ಮೂರನೇ ದಿನ ಬೆಳಿಗ್ಗೆ ಎಬ್ಬಿಸಿದರೆ ಕಣ್ಣು ಬಿಡುತ್ತಿದ್ದಳು, ಮತ್ತೆ ಮಲಗುತ್ತಿದ್ದಳು, ಅಮ್ಮ ಕರೆದರೆ ಯಾರೋ ಅನ್ನುವ ಹಾಗೆ ನೋಡುತ್ತಿದ್ದಳು. ಕಣ್ಣು ಬಿಟ್ಟಿದ್ದಾಳಲ್ಲ, ಪ್ರಜ್ಞೆ ಇದೆ ಅಂತ ಮನೆಯವರು ಕಾದರು. ಸಂಜೆ ಫಿಟ್ಸ್ ಶುರುವಾಯಿತು, ಆಗ ಕರೆತಂದರು. ಈ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ನಾವು ಮಾಡುವುದು ಫಿಟ್ಸ್ ನಿಲ್ಲಿಸುವುದು, ಉಸಿರಾಟ ನೋಡಿಕೊಳ್ಳುವುದು, ಮೆದುಳಿನ ಊತ ಇಳಿಸುವುದು. ಅದಕ್ಕೇ ಬೆಳಿಗ್ಗೆಯಿಂದ ಸಂಜೆವರೆಗಿನ ಹೊತ್ತು ತುಂಬಾ ದೊಡ್ಡದು. ನಾಮಪದ ಹುಡುಕಬೇಡಿ, ಮಗು ಏನು ಮಾಡುತ್ತದೆ ಅಂತ ಬರೆಯಿರಿ.

ರಮೇಶ: ಈ ಫಲಕವನ್ನೇ ನಾನು ನಂಬುವುದಿಲ್ಲ. ತಂಗಿಯ ಮಗನಿಗೆ ಎರಡೂ ಡೋಸ್ ಆಗಿತ್ತು. ಆದರೂ ಮೆದುಳು ಜ್ವರ ಬಂತು. ಬ್ಯಾಕ್ಟೀರಿಯಾದಿಂದ ಅಂದರು.

ನಳಿನಿ: ಹಾಗಾದರೆ ಅದು ಬೇರೆ ಕಾಯಿಲೆ. ಮೆದುಳಿನ ಪೊರೆಗೆ ಸೋಂಕಾದರೂ ಜನ ಮೆದುಳು ಜ್ವರ ಅಂತಲೇ ಹೇಳುತ್ತಾರೆ. ಈ ಲಸಿಕೆ ತಡೆಯುವುದು ಗದ್ದೆ ನೀರಿನಲ್ಲಿ ಬೆಳೆಯುವ ಕ್ಯುಲೆಕ್ಸ್ ಸೊಳ್ಳೆ ತರುವ ಜೆಇ ವೈರಸ್ಸನ್ನು ಮಾತ್ರ. ಲಸಿಕೆ ಆಗಿದೆ ಅಂತ ಗುರುತುಗಳನ್ನು ಕಡೆಗಣಿಸುವ ಹಾಗಿಲ್ಲ.

ಗುರುಮೂರ್ತಿ: ‘ಜಪಾನೀಸ್’ ಅನ್ನುವ ಹೆಸರು ನಮ್ಮ ಜನಕ್ಕೆ ಯಾಕೆ? ದೇಶದಲ್ಲೇ ತಯಾರಾಗುವ ಒಂದು ಜೆಇ ಲಸಿಕೆಯ ವೈರಸ್ ಕೋಲಾರದಲ್ಲಿ ಸಿಕ್ಕಿದ್ದು. ‘ಗದ್ದೆಸೊಳ್ಳೆ ಜ್ವರ’ ಅನ್ನಿ.

ನಳಿನಿ: ತಾಯಿ ಕಾರ್ಡಿನಲ್ಲಿ ಹುಡುಕುವುದು ‘ಜೆಇ’. ಹೊಸ ಹೆಸರು ಸುಮ್ನೆ ಗೊಂದಲ.

ಸುಮಾ: ಹೀಗೆ ಬರೆದಿದ್ದೇನೆ: ‘ಜ್ವರವಿರುವ ಮಗು ಎಬ್ಬಿಸಿದರೂ ಮತ್ತೆ ಮತ್ತೆ ಮಂಪರಿಗೆ ಜಾರಿದರೆ, ಮನೆಯವರ ಗುರುತು ಹಿಡಿಯದಿದ್ದರೆ, ಬಡಬಡಿಸಿದರೆ, ಫಿಟ್ಸ್ ಬಂದರೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ.’ ಮಾತು ಬಾರದ ಕೂಸಿಗೆ?

ನಳಿನಿ: ‘ಹಾಲು ಕುಡಿಯದೆ ಮಂಕಾಗಿ ಬಿದ್ದಿದ್ದರೆ’ ಅಂತ ಸೇರಿಸಿ.

ಗುರುಮೂರ್ತಿ: ‘ಫಿಟ್ಸ್’ ಕನ್ನಡವೇ? ‘ಮೂರ್ಛೆ’ ಇಲ್ಲವೇ?

ಸುಮಾ: ಮೂರ್ಛೆ ಅಂದರೆ ತಲೆತಿರುಗಿ ಬೀಳುವುದೂ ಆಗುತ್ತದೆ ಸರ್. ಫಿಟ್ಸ್ ಇರಲಿ. ತಲೆಬರಹ ‘ಜೆಇ ಮೆದುಳು ಜ್ವರದ ಲಸಿಕೆ’ ಅಂತ ಮಾಡಿದ್ದೇನೆ. ಅಚ್ಚಿಗೆ ಕಳಿಸುತ್ತಿದ್ದೇನೆ.

ಗುರುಮೂರ್ತಿ: ಮಿದುಳು!