ವಾರ್ಷಿಕ ವರದಿಯ ಲೆಕ್ಕದ ಪಟ್ಟಿ: ಬ್ರಾಕೆಟ್ ಬಂದರೆ ಸಾಲು ತಪ್ಪುತ್ತದೆ

ಶಿರಸಿಯಿಂದ ಪ್ರಶ್ನೆ: ನಮ್ಮ ಸೊಸೈಟಿಯ ವಾರ್ಷಿಕ ವರದಿ ಈ ಸಲ ನನ್ನ ಪಾಲಿಗೆ ಬಂದಿದೆ. ಲೆಕ್ಕವೆಲ್ಲ ಎಕ್ಸೆಲ್‌ನಲ್ಲಿದೆ. ನಷ್ಟದ ಅಂಕೆಯನ್ನು ಬ್ರಾಕೆಟ್‌ನಲ್ಲಿ ಹಾಕಿದರೆ ಸಾಲು ತಪ್ಪುತ್ತದೆ. ಗೆರೆ ಎಷ್ಟು ಹಾಕಬೇಕು, ಅಡಿಟಿಪ್ಪಣಿ ಹೇಗೆ ಕೊಡಬೇಕು? ಮಾಡಿದವರು ಹೇಳಿ.

ಕುಮಟಾ, ಸೊಸೈಟಿ ಗುಮಾಸ್ತ: ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಮಾರಾಯ್ರೆ. ವಿಂಡೋಸ್‌ನ ರೀಜನ್ ಸೆಟ್ಟಿಂಗ್‌ನಲ್ಲಿ ಇಂಡಿಯಾ ಮಾಡಿ, ಕಾಮಾ ತಾನಾಗಿ ಲಕ್ಷಕ್ಕೆ ಬೀಳುತ್ತದೆ. ಅಂಕೆಗಳನ್ನು ಬಲಕ್ಕೆ ತಳ್ಳಿ. ಪ್ರತಿ ಮನೆಗೂ ನಾಲ್ಕೂ ಕಡೆ ಗೆರೆ ಹಾಕಿ. ನಮ್ಮ ವರದಿ ಹೀಗೇ ಬರುತ್ತಿದೆ, ಮಹಾಸಭೆಯಲ್ಲಿ ಒಬ್ಬರೂ ಸೊಲ್ಲೆತ್ತಿಲ್ಲ.

ಕಾರವಾರ, ಡಿಟಿಪಿ: ಸೊಲ್ಲೆತ್ತಿಲ್ಲ ಅಂದರೆ ಓದಿಲ್ಲ ಅಂತಲೂ ಇರಬಹುದು. ಆ ಸೆಟ್ಟಿಂಗ್ ನಿಮ್ಮ ಕಂಪ್ಯೂಟರ್‌ದು, ಫೈಲಿನದಲ್ಲ. ಒಂದು ಸಂಘದವರು ನನಗೆ ಎಕ್ಸೆಲ್ ಫೈಲನ್ನೇ ಕಳಿಸಿದ್ದರು. ಅವರಲ್ಲಿ 12,48,300 ಇದ್ದದ್ದು ನನ್ನಲ್ಲಿ 1,248,300 ಆಗಿ ತೆರೆಯಿತು. ಪ್ರೂಫ್ ನೋಡಿದವರು ಮೊತ್ತ ಮಾತ್ರ ತಾಳೆ ನೋಡಿದರು, ಕಾಮಾ ನೋಡಲಿಲ್ಲ. ಪ್ಲೇಟ್ ಆದ ಮೇಲೆ ಅಧ್ಯಕ್ಷರ ಫೋನ್. ಹೊಸ ಪ್ಲೇಟ್, ಒಂದು ಫಾರಂ ಕಾಗದ, ರಾತ್ರಿ ಪಾಳಿ, ಎಲ್ಲ ಸೇರಿ ಒಂಬತ್ತು ಸಾವಿರ ಚಿಲ್ಲರೆ. ಅರ್ಧ ದುಡ್ಡು ಇನ್ನೂ ಬಂದಿಲ್ಲ!

ಈಗ ನಾನು ಪಿಡಿಎಫ್ ಮಾತ್ರ ತಗೊಳ್ಳುತ್ತೇನೆ, ಫಾಂಟ್ ಒಳಗೇ ಸೇರಿಸಿದ್ದು. ಬ್ರಾಕೆಟ್ಟಿಗೆ ಈ ಫಾರ್ಮ್ಯಾಟ್ ಹಾಕಿ:

```
#,##0.00_);(#,##0.00)
```

ಅದರಲ್ಲಿನ `_)` ಲಾಭದ ಅಂಕೆಯ ಬಲಕ್ಕೆ ಒಂದು ಬ್ರಾಕೆಟ್ಟಿನಷ್ಟು ಜಾಗ ಖಾಲಿ ಬಿಡುತ್ತದೆ. ಅಡಿಕೆ ವಿಭಾಗ 12,48,300.00, ಕಿರಾಣಿ 86,450.50, ಸಾರಿಗೆ (3,15,720.00), ಉಪಮೊತ್ತ 10,19,030.50 ಅಂದುಕೊಳ್ಳಿ. ಈಗ ಪೈಸೆಯ ಕೆಳಗೆ ಪೈಸೆಯೇ ನಿಲ್ಲುತ್ತದೆ, ಬ್ರಾಕೆಟ್ ಒಂದೇ ಹೊರಗೆ ಚಾಚುತ್ತದೆ.

ಶಿರಸಿ: ನಾನು ಎಲ್ಲೋ ಸಿಕ್ಕ ಇದನ್ನು ಹಾಕಿದ್ದೆ. ಲಾಭ ಸರಿ ಬರುತ್ತದೆ, ನಷ್ಟ ಮಾತ್ರ -315,720.00 ಅಂತ ಬರುತ್ತದೆ.

```
[>=10000000]##\,##\,##\,##0.00;[>=100000]##\,##\,##0.00;##,##0.00
```

ಕಾರವಾರ, ಡಿಟಿಪಿ: ಅದು ಕೋಟಿ, ಲಕ್ಷ, ಉಳಿದದ್ದು ಅಂತ ಮೂರೇ ಭಾಗ ಮಾಡುತ್ತದೆ. ನಷ್ಟ ಎಷ್ಟೇ ದೊಡ್ಡದಿದ್ದರೂ ಶೂನ್ಯಕ್ಕಿಂತ ಕಡಿಮೆಯಲ್ವಾ, ಕೊನೇ ಭಾಗಕ್ಕೆ ಬೀಳುತ್ತದೆ. ನಷ್ಟ ಇರುವ ಪಟ್ಟಿಗೆ ಅದು ಬೇಡ. ನಿಮ್ಮ ಕಂಪ್ಯೂಟರ್‌ನಲ್ಲಿ ರೀಜನ್ ಸೆಟ್ ಮಾಡಿ, ಮೇಲಿನ ಫಾರ್ಮ್ಯಾಟ್ ಹಾಕಿ, ಅಲ್ಲೇ ಪಿಡಿಎಫ್ ತೆಗೆಯಿರಿ.

ಕುಮಟಾ: ಅಂದರೆ ರೀಜನ್ ಸೆಟ್ಟಿಂಗೇ! ನಾನು ಹೇಳಿದ್ದೂ ಅದನ್ನೇ.

ಕಾರವಾರ: ಅರ್ಧ ಹೇಳಿದಿರಿ.

ಹೊನ್ನಾವರ, ನಿವೃತ್ತ ಶಿಕ್ಷಕ: ಕನ್ನಡದ ವರದಿಗೆ ಕನ್ನಡ ಅಂಕೆ ಯಾಕಿಲ್ಲ? ನಮ್ಮ ಸಂಘದಲ್ಲಿ ಹಟ ಹಿಡಿದು ಹಾಕಿಸಿದೆ. ಪ್ರೆಸ್ಸಿನವ ಮುಖ ಸಿಂಡರಿಸಿದ, ಪುಟಕ್ಕೆ ಜಾಸ್ತಿ ದುಡ್ಡೂ ಕೇಳಿದ. ಕೊಟ್ಟೆವು.

ಕಾರವಾರ: ಹಾಕಿ ಸರ್, ಆದರೆ ಮೊದಲು ೧೧೧೧೧೧ ಒಂದು ಸಾಲು, ಅದರ ಕೆಳಗೆ ೮೮೮೮೮೮ ಇನ್ನೊಂದು ಸಾಲು ಟೈಪ್ ಮಾಡಿ ನೋಡಿ. ಎರಡೂ ಒಂದೇ ಉದ್ದ ಬಂದರೆ ಫಾಂಟ್ ಲೆಕ್ಕಕ್ಕೆ ಆಗುತ್ತದೆ. ಇಲ್ಲದಿದ್ದರೆ ಬಲಕ್ಕೆ ಎಷ್ಟು ತಳ್ಳಿದರೂ ಲಕ್ಷದ ಕೆಳಗೆ ಸಾವಿರ ಬಂದು ಕೂರುತ್ತದೆ.

ಹೊನ್ನಾವರ: ತಪ್ಪು ಫಾಂಟ್ ಮಾಡಿದವರದ್ದು, ಅಂಕೆಯದ್ದಲ್ಲ.

ಅಂಕೋಲಾ, ಆಡಿಟ್ ಕಚೇರಿ: ಗೆರೆಯ ಮಾತು ಬಿಟ್ಟೇ ಹೋಯಿತು. ಮೇಲಿಂದ ಕೆಳಗೆ ಎಳೆಯುವ ಗೆರೆ ಒಂದೂ ಬೇಡ. ಅಡ್ಡ ಗೆರೆ ತಲೆಸಾಲಿನ ಕೆಳಗೊಂದು. ಉಪಮೊತ್ತದ ಮೇಲೆ ಒಂದು, ಅದೂ ಅಂಕೆಯ ಕಾಲಮ್ಮಿನಷ್ಟೇ ಅಗಲ. ಕೊನೆಯ ಮೊತ್ತದ ಕೆಳಗೆ ಜೋಡಿ ಗೆರೆ. ತೆಳ್ಳಗಿರಲಿ ಅಂತ ಬೂದು ಬಣ್ಣ ಕೊಡಬೇಡಿ. ಒಂದೇ ಶಾಯಿಯಲ್ಲಿ ಬೂದು ಅಂದರೆ ಚುಕ್ಕಿ ಚುಕ್ಕಿಯಾಗಿ ಬರುತ್ತದೆ, ತೆಳು ಗೆರೆ ಹುಳ ತಿಂದ ಹಾಗೆ ಕಾಣುತ್ತದೆ. ಅರ್ಧ ಪಾಯಿಂಟ್, ಪೂರಾ ಕಪ್ಪು, ಸಾಕು.

ಅಡಿಟಿಪ್ಪಣಿಯ ಗುರುತನ್ನು ಅಂಕೆಯ ಪಕ್ಕ ಸಣ್ಣ 2 ಅಂತ ಕೊಡಬೇಡಿ. 86,450.50 ಪಕ್ಕದಲ್ಲಿ ಅದು ಇನ್ನೊಂದು ಪೈಸೆಯ ಅಂಕೆ ಅನಿಸುತ್ತದೆ. ನಮ್ಮ ಒಬ್ಬ ಸದಸ್ಯರು ಹಾಗೇ ಓದಿ, ಸಭೆಯಲ್ಲಿ ಮುಕ್ಕಾಲು ಗಂಟೆ ಜಗಳ ಎಬ್ಬಿಸಿದ್ದರು. ಗುರುತು ಎಡಗಡೆ ವಿವರದ ಪಕ್ಕ ಇರಲಿ, ಅಕ್ಷರದಲ್ಲಿ: ಅ, ಆ. ಟಿಪ್ಪಣಿ ಅದೇ ಪುಟದಲ್ಲಿ, ಪಟ್ಟಿಯ ಕೆಳಗೇ. ಎಂಟು ಪಾಯಿಂಟಿಗಿಂತ ಸಣ್ಣದಾದರೆ ಒತ್ತಕ್ಷರ ಮುಚ್ಚಿಹೋಗುತ್ತದೆ.

ಕುಮಟಾ: ಅಡ್ಡ ಗೆರೆ ಇಲ್ಲದಿದ್ದರೆ ವಯಸ್ಸಾದವರು ಸಾಲು ತಪ್ಪುತ್ತಾರೆ. ನಾಲ್ಕು ಕಡೆ ಗೆರೆಯೇ ಸೈ.

ಅಂಕೋಲಾ: ವಿವರದ ಕಾಲಮ್ಮನ್ನು ಅಷ್ಟಗಲ ಮಾಡಿ ಅಂಕೆಯನ್ನು ಆಚೆ ದಡಕ್ಕೆ ಇಟ್ಟರೆ ತಪ್ಪದೇ ಇನ್ನೇನು? ಹತ್ತಿರ ತನ್ನಿ. ಐದು ಸಾಲಿಗೊಮ್ಮೆ ಸ್ವಲ್ಪ ಜಾಗ ಬಿಡಿ.

ಕುಮಟಾ: ಜಾಗ ಬಿಟ್ಟರೆ ಪುಟ ಹೆಚ್ಚುತ್ತದೆ. ದುಡ್ಡು ಆಡಿಟ್ ಕಚೇರಿ ಕೊಡುತ್ತದಾ?

ಹೊನ್ನಾವರ: ಆ ಐದು ಸಾಲಿನ ಮಾತು ಇರಲಿ. ೧೧೧೧೧೧ ನೋಡಿದೆ. ನಮ್ಮ ಫಾಂಟ್‌ನಲ್ಲಿ ಗಿಡ್ಡ ಬಂತು. ಬೇರೆ ಯಾವ ಫಾಂಟ್ ಇದೆ, ಯಾರಾದರೂ ಹೇಳಿ.