ನೇರವಾಗಿ ಭಾರ ಹಾಕಿದರೂ ಚಾನೆಲ್ ತಿರುಚುವುದೇಕೆ?

ಕೇಳಿದವರು: ಸಿ ಆಕಾರದ ಉಕ್ಕಿನ ಚಾನೆಲ್‌ನ ಒಂದು ತುದಿಯನ್ನು ಕಂಬಕ್ಕೆ ಬೆಸುಗೆ ಹಾಕಿದ್ದೇನೆ. ನಡುಗೆರೆಗಳ ನಡುವೆ ಎತ್ತರ 100 ಮಿ.ಮೀ., ಮೇಲೂ ಕೆಳಗೂ ಅಡ್ಡಲಾಗಿರುವ ಫ್ಲೇಂಜ್ ಅಗಲ 50, ದಪ್ಪ ಎಲ್ಲೆಡೆ 5. ಇನ್ನೊಂದು ತುದಿಯಲ್ಲಿ ಗುರುತ್ವ ಕೇಂದ್ರದ ನೇರಕ್ಕೇ 2000 ನ್ಯೂಟನ್ ತೂಗುಹಾಕಿದರೂ ಅದು ಬಾಗುವ ಜೊತೆಗೆ ತಿರುಚಿಕೊಳ್ಳುತ್ತದೆ. ನೆಟ್ಟಗೆ ನಿಂತ ಬೆನ್ನಿನ ಭಾಗ, ಅಂದರೆ ವೆಬ್ಬಿನ ನೇರಕ್ಕೆ ಸರಿಸಿದರೆ ಸಾಕೇ?

ಫ್ಯಾಬ್ರಿಕೇಷನ್ ಕೆಲಸದವರು: ದಪ್ಪ ಸಾಲದು, ಅಷ್ಟೇ. 10 ಮಿ.ಮೀ. ದಪ್ಪದ್ದು ಹಾಕಿ, ತಿರುಚುವುದು ಕಣ್ಣಿಗೇ ಕಾಣುವುದಿಲ್ಲ.

ಛಾವಣಿ ಕೆಲಸದವರು: ಇಳಿಜಾರು ಛಾವಣಿಯ ಹಾಳೆಗಳನ್ನು ಹೊರುವ ಅಡ್ಡ ತೊಲೆಯಾಗಿ ಸಿ ಪರ್ಲಿನ್ ಹಾಕುವಾಗ ತೆರೆದ ಬಾಯಿಯನ್ನು ಮೇಲಿನ ಏರಿನ ಕಡೆಗೆ ತಿರುಗಿಸುತ್ತೇವೆ. ಹಾಗಿಟ್ಟರೆ ಕಡಿಮೆ ತಿರುಚುತ್ತದೆ. ನಿಮ್ಮದನ್ನೂ ತಿರುಗಿಸಿ ನೋಡಿ.

ವಿನ್ಯಾಸ ಎಂಜಿನಿಯರ್: ನಿಮ್ಮದು ಮಟ್ಟಸವಾಗಿರುವ ತೊಲೆ. ಬಾಯಿ ಎಡಕ್ಕಿದ್ದರೂ ಬಲಕ್ಕಿದ್ದರೂ ತಿರುಚುವ ದಿಕ್ಕು ಮಾತ್ರ ಬದಲಾಗುತ್ತದೆ. ದಪ್ಪ ಇಮ್ಮಡಿಯಾದರೆ ತಿರುಚು ಸುಮಾರು ಎಂಟನೆಯ ಒಂದಕ್ಕೆ ಇಳಿಯುವುದು ನಿಜ, ಆದರೆ ಕಾರಣ ಹಾಗೆಯೇ ಉಳಿಯುತ್ತದೆ.

ಭಾರವನ್ನು ಹೊರುವುದು ವೆಬ್ ಒಂದೇ ಅಲ್ಲ. ಕತ್ತರಿ ಬಲ ಮೇಲಿನ ಫ್ಲೇಂಜ್‌ನ ತುದಿಯಿಂದ ವೆಬ್ಬಿನತ್ತ ಹರಿದು, ವೆಬ್ಬಿನಲ್ಲಿ ಇಳಿದು, ಕೆಳಗಿನ ಫ್ಲೇಂಜ್‌ನಲ್ಲಿ ಹೊರಕ್ಕೆ ಸಾಗುತ್ತದೆ. ನಿಮ್ಮ ಅಳತೆಗೆ ಪ್ರತಿ ಫ್ಲೇಂಜ್‌ನಲ್ಲಿ 375 ನ್ಯೂಟನ್ ಬಲ, ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ನಡುವೆ 100 ಮಿ.ಮೀ. ಅಂತರವಿರುವುದರಿಂದ ಅವೆರಡೇ 37.5 ನ್ಯೂಟನ್-ಮೀಟರ್ ತಿರುಚುಬಲ ಹುಟ್ಟಿಸುತ್ತವೆ. ಅದನ್ನು ಸರಿದೂಗಿಸಬೇಕಾದರೆ ಭಾರ ವೆಬ್ಬಿನ ಬೆನ್ನ ಹಿಂದೆ, ಉಕ್ಕೇ ಇಲ್ಲದ ಜಾಗದಲ್ಲಿ ಬೀಳಬೇಕು. ಆ ಬಿಂದುವೇ ಶಿಯರ್ ಸೆಂಟರ್. ದಪ್ಪ ಎಲ್ಲೆಡೆ ಒಂದೇ ಇದ್ದಾಗ, ಫ್ಲೇಂಜ್ ಅಗಲ b, ಎತ್ತರ h ಎಂದುಕೊಂಡರೆ, ವೆಬ್ಬಿನ ನಡುಗೆರೆಯಿಂದ ಅದರ ದೂರ e:

e = 3b²/(h + 6b) = 7500/400 = 18.75 ಮಿ.ಮೀ.

ಗುರುತ್ವ ಕೇಂದ್ರ ಇರುವುದು ವೆಬ್ಬಿನ ಒಳಬದಿಗೆ 12.5 ಮಿ.ಮೀ. ದೂರದಲ್ಲಿ. ಎರಡರ ನಡುವೆ 31.25 ಮಿ.ಮೀ., ಅಂದರೆ ಈಗ 62.5 ನ್ಯೂಟನ್-ಮೀಟರ್ ತಿರುಚುಬಲ ಬೀಳುತ್ತಿದೆ. ವೆಬ್ಬಿನ ನೇರಕ್ಕೆ ಸರಿಸಿದರೂ 37.5 ಉಳಿಯುತ್ತದೆ.

ಕೇಳಿದವರು: ಹಾಗಾದರೆ ಬೆನ್ನಿಗೆ ಬ್ರಾಕೆಟ್ ಹಾಕುತ್ತೇನೆ. ಬಿಂದು ಸರಿಯಾಗಿ ಸಿಕ್ಕಿದೆ ಎಂದು ತಿಳಿಯುವುದು ಹೇಗೆ?

ಪ್ರಯೋಗಾಲಯದವರು: ತುದಿಗೆ ಅಡ್ಡಲಾಗಿ ಗಟ್ಟಿ ಪಟ್ಟಿಯೊಂದನ್ನು ಬೆಸೆದು, ಸಾಲಾಗಿ ರಂಧ್ರ ಕೊರೆಯಿರಿ. ಪಟ್ಟಿಯ ಎರಡು ಕೊನೆಗಳಲ್ಲೂ ಡಯಲ್ ಗೇಜ್ ಇಟ್ಟು, ಭಾರವನ್ನು ಒಂದೊಂದೇ ರಂಧ್ರಕ್ಕೆ ಸರಿಸುತ್ತಾ ಹೋಗಿ. ಎರಡೂ ಗೇಜ್‌ಗಳು ಸಮನಾಗಿ ಇಳಿಯುವ ಜಾಗವೇ ಅದು. ದಾಟಿದ ಕೂಡಲೇ ತಿರುಚು ಎದುರು ದಿಕ್ಕಿಗೆ ಹೊರಳುತ್ತದೆ. ಕಾರ್ಖಾನೆಯಲ್ಲಿ ಉರುಳಿಸಿದ ಚಾನೆಲ್‌ನ ಫ್ಲೇಂಜ್ ದಪ್ಪ ಬೇರೆಯಿರುತ್ತದೆ, ಅದಕ್ಕೆ ಮೇಲಿನ ಸೂತ್ರ ಹೊಂದುವುದಿಲ್ಲ.

ಫ್ಯಾಬ್ರಿಕೇಷನ್ ಕೆಲಸದವರು: ಎರಡು ಚಾನೆಲ್‌ಗಳನ್ನು ಬೆನ್ನಿಗೆ ಬೆನ್ನು ಹಚ್ಚಿದರೆ ಈ ಲೆಕ್ಕವೇ ಬೇಡವಲ್ಲವೇ?

ವಿನ್ಯಾಸ ಎಂಜಿನಿಯರ್: ಹೌದು, ಉದ್ದಕ್ಕೂ ಅಲ್ಲಲ್ಲಿ ಬೆಸೆದು ಭಾರವನ್ನು ನಟ್ಟನಡುವೆ ಇಟ್ಟರೆ. ಒಂದೇ ಚಾನೆಲ್ ಉಳಿಸಿಕೊಳ್ಳುವುದಾದರೆ ಅದರ ಉದ್ದ ತಿಳಿಸಿ. ಕಂಬದ ಬಳಿಯ ಬೆಸುಗೆ ಫ್ಲೇಂಜ್‌ಗಳು ಹಿಂದೆಮುಂದೆ ಸರಿಯದಂತೆ ಹಿಡಿಯುತ್ತದೆ, ಗಿಡ್ಡ ತೊಲೆಯಲ್ಲಿ ಅದರಿಂದಲೇ ತಿರುಚು ಬಹಳ ಕಡಿಮೆಯಾಗಬಹುದು.