ಟಿಟಿ ಅಡ್ವಾನ್ಸ್ ಸ್ವಂತ ಹೆಸರಿನ ಅಕೌಂಟಿಗೆ ಕೇಳ್ತಿದ್ದಾರೆ, ಹಾಕಬಹುದಾ?

ಕೇಳಿದವರು: ಮುಂದಿನ ಶನಿವಾರ ಬೆಂಗಳೂರಿಂದ ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ 12 ಸೀಟಿನ ಟೆಂಪೋ ಟ್ರಾವೆಲರ್, ಅಂದರೆ ಟಿಟಿ ಬೇಕು. ನೆಟ್‌ನಲ್ಲಿ ಸಿಕ್ಕ ಟ್ರಾವೆಲ್ಸ್‌ನವರು 3,000 ಅಡ್ವಾನ್ಸ್ ಫೋನ್‌ಪೇ ಮಾಡಿ ಅಂತಾರೆ. ನಂಬರ್ ಹಾಕಿದರೆ ಟ್ರಾವೆಲ್ಸ್ ಹೆಸರಲ್ಲ, ಯಾರದೋ ಹೆಸರು ಬರುತ್ತೆ. ಹಾಕಬಹುದಾ?

ಮೈಸೂರಿನವರು: ಹಾಕಬೇಡಿ. ಹೋದ ವರ್ಷ ಮಗಳ ನಿಶ್ಚಿತಾರ್ಥಕ್ಕೆ ನಾನು ಹೀಗೇ 2,000 ಹಾಕಿದ್ದೆ. ಮರುದಿನ ಟೋಲ್, ಪರ್ಮಿಟ್ ಅಂತ ಇನ್ನೂ 4,500 ಕೇಳಿದ. ಟ್ರಿಪ್ ಮುಗಿದ ಮೇಲೆ ವಾಪಸ್ ಬರುತ್ತೆ ಅಂದ, ಅದನ್ನೂ ಹಾಕಿದೆ. ಆಮೇಲೆ ಅನುಮಾನ ಬಂದು ಕ್ಯಾನ್ಸಲ್ ಅಂದಾಗ, ರಿಫಂಡ್ ಬರೋಕೆ ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದ. ಪಕ್ಕದಲ್ಲಿದ್ದ ಮಗ ಫೋನ್ ಕಿತ್ತುಕೊಂಡ. ದುಡ್ಡು ಬರೋದಕ್ಕೆ ಪಿನ್ ಬೇಡವೇ ಬೇಡ ಅಂತ ಅವತ್ತು ಗೊತ್ತಾಯ್ತು. ಸೈಬರ್ ವಂಚನೆ ದೂರಿನ ಸಹಾಯವಾಣಿ 1930ಕ್ಕೆ ಫೋನ್ ಮಾಡುವಷ್ಟರಲ್ಲಿ ಎರಡು ದಿನ ಕಳೆದಿತ್ತು. ಹೋದ ದುಡ್ಡು ಇನ್ನೂ ಬಂದಿಲ್ಲ.

ಹಾಸನದ ಟಿಟಿ ಮಾಲೀಕರು: ಅಕ್ಕ, ನಿಮಗಾದದ್ದು ಬೇಜಾರಿನ ವಿಷಯ. ಆದರೆ ನಾನೂ ಅಡ್ವಾನ್ಸ್ ನನ್ನ ಸ್ವಂತ ಅಕೌಂಟಿಗೇ ತಗೊಳ್ತೀನಿ. ಒಂದೆರಡು ಗಾಡಿ ಇಟ್ಟವರು ಬಹಳಷ್ಟು ಜನ ಹೀಗೇ ಮಾಡೋದು. ಹೆಸರು ಯಾರದು ಅನ್ನೋದು ಮುಖ್ಯ. ಗಾಡಿ ನಂಬರ್ ಕೇಳಿ, mParivahan ಆ್ಯಪ್‌ನಲ್ಲಿ ಹಾಕಿ. ಓನರ್ ಹೆಸರಿನ ಕೆಲವು ಅಕ್ಷರ ಮುಚ್ಚಿರುತ್ತೆ. ಕಾಣುವ ಅಕ್ಷರ ಫೋನ್‌ಪೇ ಹೆಸರಿಗೆ ಕೂಡುತ್ತಾ ನೋಡಿ. ಇನ್ಶೂರೆನ್ಸ್, ಫಿಟ್‌ನೆಸ್ ತಾರೀಖನ್ನೂ ಅಲ್ಲೇ ನೋಡಬಹುದು.

ತುಮಕೂರಿನವರು: ಹಳದಿ ಬೋರ್ಡ್ ಇದ್ರೆ ಸಾಕಲ್ವಾ? ಫೋಟೋ ತರಿಸಿಕೊಳ್ಳಿ.

ಹಾಸನದ ಟಿಟಿ ಮಾಲೀಕರು: ಹಳದಿ ಬೋರ್ಡ್ ಬೇಕೇ ಬೇಕು. ಬಿಳಿ ಬೋರ್ಡ್ ಗಾಡಿ ಬಾಡಿಗೆಗೆ ಓಡಿಸೋ ಹಾಗಿಲ್ಲ. ಆದರೆ ಫೋಟೋ ಯಾರ ಗಾಡಿಯದ್ದಾದರೂ ಆಗಬಹುದು. ನನ್ನ ಗಾಡಿಯ ಫೋಟೋವನ್ನೇ ಯಾರೋ ಕಳಿಸಿ ಬುಕಿಂಗ್ ಹಿಡಿದಿದ್ದರು. ಆ ಮನೆಯವರು ಬೆಳಿಗ್ಗೆ ಐದಕ್ಕೆ ನನಗೆ ಫೋನ್ ಮಾಡಿ "ಎಲ್ಲಿದ್ದೀರ, ಸಾಮಾನೆಲ್ಲ ಗೇಟಿಗೆ ತಂದಿದ್ದೇವೆ" ಅಂದರು. ಡೋರ್ ಮೇಲಿದ್ದ ನನ್ನ ನಂಬರ್ ಫೋಟೋದಲ್ಲಿ ಕಂಡಿತ್ತಂತೆ. ಅದಕ್ಕೇ ವಿಡಿಯೋ ಕಾಲ್ ಮಾಡಿ, ನಂಬರ್ ಪ್ಲೇಟಿಂದ ಒಳಗಿನ ಸೀಟಿನ ತನಕ ನಡೆದು ತೋರಿಸೋಕೆ ಹೇಳಿ.

 

ಕೇಳಿದವರು: ವಿಡಿಯೋ ಕಾಲ್ ಕೇಳಿದೆ. ಗಾಡಿ ತಿರುಪತಿ ಟ್ರಿಪ್‌ನಲ್ಲಿದೆ ಅಂದರು. ಪ್ಲೇಟ್ ನಂಬರ್ ಕೊಟ್ಟಿದ್ದಾರೆ, ಹೆಸರು ಮಾತ್ರ ಕೂಡ್ತಿಲ್ಲ.

ಹಾಸನದ ಟಿಟಿ ಮಾಲೀಕರು: ಟ್ರಿಪ್‌ನಲ್ಲಿರೋದು ನಿಜ ಇದ್ದರೂ ಇರಬಹುದು. ಅವರು ಏಜೆಂಟ್ ಆಗಿದ್ದು, ಬೇರೆಯವರ ಗಾಡಿ ಕಳಿಸ್ತಿರಬಹುದು. ಹಾಗಿದ್ದರೆ ಗಾಡಿಯ ಓನರ್ ಜೊತೆ ಮಾತಾಡಿಸಲಿ. ಗಾಡಿ ನಿಂತಾಗ ಡ್ರೈವರ್ ಎರಡು ನಿಮಿಷ ವಿಡಿಯೋದಲ್ಲಿ ಬರಬಹುದು. ಅಡ್ವಾನ್ಸ್ ಇಲ್ಲದೆ ಶನಿವಾರದ ಗಾಡಿ ಯಾರೂ ಹಿಡಿದಿಡಲ್ಲ, ಅದು ಸತ್ಯ. 500 ಕೊಡ್ತೀನಿ, ಉಳಿದದ್ದು ಗಾಡಿ ಮನೆ ಮುಂದೆ ನಿಂತ ಮೇಲೆ ಅನ್ನಿ.

ಕೇಳಿದವರು: ಹಾಗೇ ಹೇಳಿದೆ. "ಇವತ್ತೇ 3,000 ಪೂರ್ತಿ ಹಾಕದಿದ್ರೆ ಬೇರೆಯವರಿಗೆ ಕೊಡ್ತೀನಿ" ಅಂದರು. ಕೊಡಲಿ ಅಂತ ಬಿಟ್ಟೆ. ನಮ್ಮ ಏರಿಯಾ ಟ್ಯಾಕ್ಸಿ ಸ್ಟ್ಯಾಂಡ್‌ನಲ್ಲಿ ಸಂಜೆ ವಿಚಾರಿಸ್ತೀನಿ.